ಪಂಪು ನಿಲ್ಲಿಸಿದ್ದರಿಂದ ತಪ್ಪಿದ ಲಸಿಕೆ: ಮಲ್ಪೆಯ ಒಂದು ಮಗುವಿನ ಪ್ರಕರಣ

ಹುಡುಗನಿಗೆ 17 ತಿಂಗಳು, ತೂಕ 10.2 ಕಿಲೊ. ತಾಯಿ ಕಾರ್ಡಿನಲ್ಲಿ ಹುಟ್ಟಿದಾಗಿನ ಬಿಸಿಜಿಯಿಂದ ಹಿಡಿದು 14ನೇ ವಾರದ ಪೆಂಟಾವರೆಗೆ ಎಲ್ಲ ಮನೆಗಳೂ ತುಂಬಿವೆ. ಅಲ್ಲಿಂದ ಕೆಳಗೆ ಏನೂ ಇಲ್ಲ. 9 ತಿಂಗಳಿಗೆ ಹಾಕಬೇಕಿದ್ದ ದಡಾರ-ರುಬೆಲ್ಲಾ ಲಸಿಕೆಯ (ಎಂಆರ್) ಮೊದಲ ಡೋಸ್, ನ್ಯುಮೋಕಾಕಲ್ ಲಸಿಕೆಯ ಬೂಸ್ಟರ್, ಪೋಲಿಯೊ ಚುಚ್ಚುಮದ್ದಿನ ಮೂರನೇ ಡೋಸ್ ಎಲ್ಲ ಬಾಕಿ. 16 ತಿಂಗಳು ದಾಟಿದ್ದರಿಂದ ಡಿಪಿಟಿ ಬೂಸ್ಟರ್ ಕೂಡ ಬಾಕಿಯ ಪಟ್ಟಿಗೆ ಸೇರಿತ್ತು. ಗುರುತು ಸಿಗಬಾರದೆಂದು ಕುಟುಂಬದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ವೈದ್ಯಕೀಯ ವಿವರ ಬದಲಿಸಿಲ್ಲ.

ಮನೆಯವರು ಲಸಿಕೆ ಬೇಡ ಎನ್ನುವವರಲ್ಲ. ಅಪ್ಪ ಮಲ್ಪೆ ಬಂದರಿನ ಬೋಟಿನಲ್ಲಿ ಕೆಲಸ ಮಾಡುತ್ತಾರೆ, ಅಮ್ಮ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಾರೆ. ಹಗಲು ಮಗು ಅಜ್ಜಿಯ ಕೈಯಲ್ಲಿ. ನಾಲ್ಕನೇ ತಿಂಗಳಿಗೆ ಕೆನ್ನೆಯ ಮೇಲೆ ಶುರುವಾದ ಎಕ್ಸಿಮಾ (ಅಜ್ಜಿಯ ಬಾಯಲ್ಲಿ ಇಸುಬು) ವರ್ಷ ತುಂಬುವಾಗ ಮೊಣಕೈ, ಮೊಣಕಾಲಿನ ಮಡಿಕೆಗೆ ಇಳಿದಿತ್ತು. ಎಂಟನೇ ತಿಂಗಳಿಂದ ಶೀತ ಹಿಡಿದಾಗಲೆಲ್ಲ ಎದೆಯಲ್ಲಿ ಸಿಳ್ಳೆ. ಮೂರು ಬಾರಿ ನೆಬ್ಯುಲೈಸರ್ ಬೇಕಾದ ಮೇಲೆ ದಿನಕ್ಕೆ ಎರಡು ಸಲ ಬುಡೆಸೊನೈಡ್ 100 ಮೈಕ್ರೊಗ್ರಾಂ ಪಂಪು ಶುರುವಾಯಿತು, ಮಾಸ್ಕ್ ಇರುವ ಸ್ಪೇಸರಿನ ಮೂಲಕ. ಈ ಪ್ರಾಯದಲ್ಲಿ ಅಸ್ತಮಾ ಎಂದು ಖಚಿತವಾಗಿ ಹೇಳುವುದು ಕಷ್ಟ. ಆದರೆ ಎಕ್ಸಿಮಾ ಇದ್ದು, ತಾಯಿಗೂ ದಮ್ಮು ಇದ್ದು, ಶೀತ ಇಲ್ಲದಾಗಲೂ ಓಡಿದರೆ, ನಕ್ಕರೆ ಕೆಮ್ಮುವ ಮಗುವನ್ನು ನಾವು ಅಸ್ತಮಾದ ಮಗು ಎಂದುಕೊಂಡೇ ನೋಡುತ್ತೇವೆ.

ಲಸಿಕೆ ತಪ್ಪಿದ್ದು ಒಮ್ಮೆಗೇ ಅಲ್ಲ. ಅಕ್ಟೋಬರದಲ್ಲಿ ಎಂಆರ್‌ಗೆ ಕರೆದುಕೊಂಡು ಹೋದಾಗ ಮೂಗು ಸುರಿಯುತ್ತಿತ್ತು. ಕೆಮ್ಮು ಹೋದ ಮೇಲೆ ತನ್ನಿ ಎಂದರಂತೆ. ಮುಂದಿನ ಗುರುವಾರ ಮೊಣಕೈ ಕೆಂಪಾಗಿ ನೀರು ಒಸರುತ್ತಿತ್ತು, ಮನೆಯವರೇ ಹೋಗಲಿಲ್ಲ. ಆಮೇಲೆ ಪಂಪು ಶುರುವಾಯಿತು. ಪಂಪಿನಲ್ಲಿರುವುದು ಸ್ಟೀರಾಯ್ಡ್, ಅದು ಮೈಯಲ್ಲಿರುವಾಗ ಲಸಿಕೆ ಹಾಕಿಸಬಾರದು ಎಂದು ಯಾರೋ ಪರಿಚಯದವರು ಹೇಳಿದರು. ಆಶಾ ಕಾರ್ಯಕರ್ತೆ ಮನೆಗೆ ಬಂದು ನೆನಪಿಸಿದಾಗಲೂ ಅದೇ ಉತ್ತರ ಕೊಟ್ಟು ಕಳಿಸಿದ್ದಾರೆ.

ಕೊನೆಗೆ ಮನೆಯವರು ತಮ್ಮದೇ ಒಂದು ದಾರಿ ಕಂಡುಕೊಂಡರು. ಜೂನ್ ಮೊದಲ ವಾರದ ಲಸಿಕೆಗೆ ತಯಾರಿ ಎಂದು ಮೇ ಕೊನೆಗೇ ಪಂಪು ನಿಲ್ಲಿಸಿದರು. ಮೈಯಿಂದ ಸ್ಟೀರಾಯ್ಡ್ ಹೊರಗೆ ಹೋಗಲಿ ಎಂಬ ಲೆಕ್ಕ. ಅಷ್ಟರಲ್ಲಿ ಮಳೆ ಹಿಡಿಯಿತು. ಗೋಡೆಯಲ್ಲಿ ಬೂಷ್ಟು, ಬಚ್ಚಲೊಲೆಯಲ್ಲಿ ಒದ್ದೆ ಕಟ್ಟಿಗೆಯ ಹೊಗೆ, ಮನೆಯಲ್ಲಿ ಎಲ್ಲರಿಗೂ ಶೀತ. ಲಸಿಕೆಯ ದಿನ ಬರುವ ಮೊದಲೇ ಕೆಮ್ಮು ಶುರುವಾಗಿ ಆ ಗುರುವಾರವೂ ತಪ್ಪಿತು. ಜೂನ್ ಮಧ್ಯದ ಒಂದು ರಾತ್ರಿ ಮಗುವಿಗೆ ಉಸಿರು ಸಾಲದೆ ನಮ್ಮಲ್ಲಿಗೆ ತಂದರು.

ಆ ರಾತ್ರಿ

ಉಸಿರಾಟ ನಿಮಿಷಕ್ಕೆ 58. ಒಂದರಿಂದ ಐದು ವರ್ಷದ ಮಗುವಿನಲ್ಲಿ 40 ದಾಟಿದರೆ ಉಸಿರು ಜೋರೆಂದು ಲೆಕ್ಕ. ಪಕ್ಕೆಲುಬಿನ ಕೆಳಗೆ ಎದೆ ಒಳಕ್ಕೆ ಎಳೆಯುತ್ತಿತ್ತು, ಆಮ್ಲಜನಕದ ಮಟ್ಟ 93. ಹಾಲು ಬಾಯಿಗಿಟ್ಟರೆ ಎರಡು ಗುಟುಕು ಕುಡಿದು ಬಿಡುತ್ತಿದ್ದ. ಸ್ಪೇಸರಿನಲ್ಲಿ ಶ್ವಾಸನಾಳ ಬಿಚ್ಚುವ ಸಾಲ್ಬುಟಮಾಲ್ ಅನ್ನು 20 ನಿಮಿಷಕ್ಕೊಮ್ಮೆ ಒಂದು ಗಂಟೆಯ ತನಕ ಕೊಟ್ಟೆವು. ಪ್ರೆಡ್ನಿಸೊಲೋನ್ ಸಿರಪ್ 10 ಮಿಲಿಗ್ರಾಂ ಕುಡಿಸಿದೆವು. ಗಂಟೆಯ ನಂತರ ಮಟ್ಟ 96ಕ್ಕೆ ಏರಿತು, ಎದೆ ಎಳೆಯುವುದು ನಿಂತಿತು. ಅದೇ 10 ಮಿಲಿಗ್ರಾಂ ದಿನಕ್ಕೊಮ್ಮೆ, ಒಟ್ಟು ಐದು ದಿನ ಕೊಡಿ ಎಂದು ಹೇಳಿ, ಪಂಪು ಅದೇ ರಾತ್ರಿಯಿಂದ ಪುನಃ ಶುರು ಮಾಡಿಸಿದೆ.

ಆ ಹೊತ್ತಿನಲ್ಲಿ ಲಸಿಕೆ ಹಾಕುವ ಮಾತೇ ಇಲ್ಲ. ಅದಕ್ಕೆ ಕಾರಣ ಅಸ್ತಮಾ ಎಂಬ ಕಾಯಿಲೆಯೂ ಅಲ್ಲ, ಸ್ಟೀರಾಯ್ಡೂ ಅಲ್ಲ. ಮಗು ಆ ದಿನ ಮಧ್ಯಮದಿಂದ ತೀವ್ರ ಮಟ್ಟದ ತೊಂದರೆಯಲ್ಲಿತ್ತು. ಇಂಥ ಸ್ಥಿತಿಯಲ್ಲಿ ಚುಚ್ಚುಮದ್ದು ಹಾಕಿ, ಮರುದಿನ ಜ್ವರ ಬಂದರೆ ಅದು ಲಸಿಕೆಯದೋ ಎದೆಗೆ ಇಳಿದ ಸೋಂಕಿನದೋ ಗೊತ್ತಾಗುವುದಿಲ್ಲ. ಉಸಿರು ಹಳಿಗೆ ಬರುವ ತನಕ ಕಾಯುವುದು ಸರಿ. ಆದರೆ ಈ ಕಾಯುವಿಕೆಯನ್ನು ದಿನಗಳಲ್ಲಿ ಎಣಿಸಬೇಕು, ತಿಂಗಳುಗಳಲ್ಲಲ್ಲ.

ಕರಾವಳಿಯಲ್ಲಿ ಈ ವ್ಯತ್ಯಾಸಕ್ಕೆ ಹೆಚ್ಚು ತೂಕ ಇದೆ ಎಂದು ನನ್ನ ಅಭಿಪ್ರಾಯ. ಬೇರೆ ಮಗುವಿಗೆ 'ಕೆಮ್ಮು ಹೋದ ಮೇಲೆ ಬನ್ನಿ' ಎಂದರೆ ಒಂದು ವಾರದ ಮಾತು. ಅಸ್ತಮಾ ಇರುವ ಮಗುವಿಗೆ ಜೂನ್‌ನಿಂದ ಸೆಪ್ಟೆಂಬರ್ ತನಕ ಉಡುಪಿಯ ಮಳೆಯಲ್ಲಿ ಕೆಮ್ಮು ಪೂರ್ತಿ ಹೋದ ದಿನ ಎಷ್ಟು ಸಿಕ್ಕೀತು? ಕೆಮ್ಮು ಇಲ್ಲದ ದಿನ ಸಿಕ್ಕಿದರೆ ಅಂದು ಗುರುವಾರ ಆಗಿರಬೇಕು, ಅಮ್ಮನಿಗೆ ರಜೆ ಇರಬೇಕು, ಎಕ್ಸಿಮಾ ಸುಮ್ಮನಿರಬೇಕು. ಇಷ್ಟೆಲ್ಲ ಕೂಡಿ ಬರುವ ತನಕ ಕಾದರೆ ಮಗುವಿಗೆ ದಡಾರ ಬಂದು ಹೋದೀತು. ಮೊದಲೇ ಶ್ವಾಸನಾಳ ಕೆರಳಿರುವ ಮಗುವಿಗೆ ದಡಾರ ಬಂದರೆ ನ್ಯುಮೋನಿಯಾದ ಭಯ ಇದ್ದೇ ಇದೆ. ಡಿಪಿಟಿ ತಪ್ಪಿದರೆ ಬರಬಹುದಾದ ನಾಯಿಕೆಮ್ಮು ಇನ್ನೊಂದು ತೊಡಕು: ವಾರಗಟ್ಟಲೆ ಕೆಮ್ಮುವ ಮಗುವನ್ನು ಎಲ್ಲರೂ 'ಅವನ ದಮ್ಮು' ಎಂದುಕೊಂಡು ಪಂಪಿನ ಡೋಸ್ ಏರಿಸುತ್ತಾ ಹೋಗುತ್ತಾರೆ.

ಸ್ಟೀರಾಯ್ಡಿನ ಲೆಕ್ಕ

ಐದನೇ ದಿನ ತೋರಿಸಲು ಬಂದಾಗ ಅಪ್ಪನೂ ಇದ್ದರು. ಜೂನ್, ಜುಲೈಯಲ್ಲಿ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ, ಹಾಗಾಗಿ ಮನೆಯಲ್ಲಿದ್ದರು. ಅವರ ಮೊದಲ ಪ್ರಶ್ನೆ: "ಡಾಕ್ಟ್ರೆ, ಪಂಪು ಇತ್ತು ಅಂತ ಲಸಿಕೆ ಬಿಟ್ಟೆವು. ಈಗ ನೀವು ಸ್ಟೀರಾಯ್ಡ್ ಸಿರಪ್ಪನ್ನೇ ಕೊಟ್ರಿ. ಇನ್ನು ಎಷ್ಟು ತಿಂಗಳು ಕಾಯ್ಬೇಕು?"

ಪ್ರಶ್ನೆ ಸರಿಯಾಗಿಯೇ ಇತ್ತು. ಸ್ಟೀರಾಯ್ಡಿಗೂ ಲಸಿಕೆಗೂ ನಡುವೆ ನಿಜವಾದ ಒಂದು ತಕರಾರು ಇದೆ. ಅದು ಎಲ್ಲಿ ಶುರುವಾಗುತ್ತದೆ ಎಂಬುದೇ ವಿಷಯ. ಎಂಆರ್, ಚಿಕನ್‌ಪಾಕ್ಸ್, ಬಾಯಿಗೆ ಹಾಕುವ ಪೋಲಿಯೊ ಇವೆಲ್ಲ ಬಲಹೀನಗೊಳಿಸಿದ ಜೀವಂತ ವೈರಸ್‌ಗಳು. ಅವು ಮೈಯೊಳಗೆ ಸ್ವಲ್ಪ ಬೆಳೆಯಬೇಕು, ಮೈ ಅವನ್ನು ಹಿಡಿದು ನಿಲ್ಲಿಸಬೇಕು, ಆಗಲೇ ರಕ್ಷಣೆ ಹುಟ್ಟುವುದು. ಇಡೀ ಮೈಯ ಪ್ರತಿರೋಧ ಕುಗ್ಗುವಷ್ಟು ಸ್ಟೀರಾಯ್ಡ್ ರಕ್ತದಲ್ಲಿದ್ದರೆ ಆ ಹಿಡಿತ ಸಡಿಲವಾಗುತ್ತದೆ. ಡಿಪಿಟಿ, ಪೆಂಟಾ, ನ್ಯುಮೋಕಾಕಲ್, ಚುಚ್ಚುವ ಪೋಲಿಯೊ ಇವುಗಳಲ್ಲಿ ಜೀವಂತ ಸೂಕ್ಷ್ಮಾಣು ಇಲ್ಲವೇ ಇಲ್ಲ. ಅವಕ್ಕೆ ಈ ಭಯ ಯಾವ ಡೋಸಿನಲ್ಲೂ ಅನ್ವಯಿಸುವುದಿಲ್ಲ.

ಜೀವಂತ ಲಸಿಕೆಗೆ ಅಡ್ಡ ಬರುವ ಗೆರೆ ಇದು. ಪ್ರೆಡ್ನಿಸೊಲೋನ್ ಆಗಲಿ ಅದಕ್ಕೆ ಸಮನಾದ ಔಷಧ ಆಗಲಿ, ಕಿಲೊ ತೂಕಕ್ಕೆ ದಿನಕ್ಕೆ 2 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚು (10 ಕಿಲೊ ದಾಟಿದ ಮಗುವಿಗೆ ದಿನಕ್ಕೆ 20 ಮಿಲಿಗ್ರಾಂ), 14 ದಿನ ಅಥವಾ ಅದಕ್ಕಿಂತ ಹೆಚ್ಚು ಕಾಲ ಕೊಟ್ಟಿದ್ದರೆ, ನಿಲ್ಲಿಸಿದ ಮೇಲೆ ಕನಿಷ್ಠ ನಾಲ್ಕು ವಾರ ಕಾಯಬೇಕು. ಡೋಸೂ ಈ ಮಟ್ಟ ಮುಟ್ಟಿರಬೇಕು, ದಿನಗಳೂ ಮುಟ್ಟಿರಬೇಕು.

ಈ ಹುಡುಗನಿಗೆ ಲೆಕ್ಕ ಹಾಕಿ ಕಾಗದದ ಮೇಲೆ ಬರೆದು ತೋರಿಸಿದೆ. ಗೆರೆ ಮುಟ್ಟಬೇಕಾದರೆ ದಿನಕ್ಕೆ 20 ಮಿಲಿಗ್ರಾಂ, ಹದಿನಾಲ್ಕು ದಿನ, ಒಟ್ಟು 280. ಅವನಿಗೆ ಕೊಟ್ಟ ಸಿರಪ್ ದಿನಕ್ಕೆ 10 ಮಿಲಿಗ್ರಾಂ, ಐದು ದಿನ, ಒಟ್ಟು 50. ಇನ್ನು ಪಂಪಿನಲ್ಲಿ ದಿನವಿಡೀ ಹೋಗುವುದು 200 ಮೈಕ್ರೊಗ್ರಾಂ, ಅಂದರೆ 0.2 ಮಿಲಿಗ್ರಾಂ. ಹದಿನಾಲ್ಕು ದಿನಕ್ಕೆ ಮೂರು ಮಿಲಿಗ್ರಾಂ ಕೂಡ ಆಗುವುದಿಲ್ಲ. ತೂಕಕ್ಕೆ ತೂಕ ಹೋಲಿಸುವುದು ಪೂರ್ತಿ ನ್ಯಾಯವಲ್ಲ, ಬುಡೆಸೊನೈಡ್ ಹೆಚ್ಚು ಖಾರದ ಔಷಧ. ಆದರೆ ಪಂಪು ಒತ್ತಿದ್ದರಲ್ಲಿ ಬಹುಪಾಲು ಸ್ಪೇಸರಿನ ಗೋಡೆಗೆ, ಬಾಯಿಗೆ, ಗಂಟಲಿಗೆ ಅಂಟುತ್ತದೆ. ನುಂಗಿದ್ದನ್ನು ಯಕೃತ್ತು ರಕ್ತಕ್ಕೆ ಬಿಡುವ ಮೊದಲೇ ಹೆಚ್ಚಿನಂಶ ಒಡೆದು ಹಾಕುತ್ತದೆ. ಉಳಿದದ್ದು ಶ್ವಾಸನಾಳದ ಒಳಪದರದಲ್ಲಿ ಕೆಲಸ ಮಾಡುತ್ತದೆ. ಇಷ್ಟರಿಂದ ಎಂಆರ್ ಲಸಿಕೆಗೆ ಅಡ್ಡಿಯಾಗುವಷ್ಟು ಪ್ರತಿರೋಧ ಕುಗ್ಗುವುದಿಲ್ಲ. ಮೊಣಕೈಗೆ ಹಚ್ಚುವ ಸ್ಟೀರಾಯ್ಡ್ ಮುಲಾಮಿಗೂ ಇದೇ ಮಾತು.

ಹಾಗಾದರೆ ಈ ಹುಡುಗ ಪಂಪು ನಿಲ್ಲಿಸಬೇಕಾಗಿರಲೇ ಇಲ್ಲ. ಸಿರಪ್ಪಿನ ಐದು ದಿನ ಮುಗಿದ ಮೇಲೆ ಸ್ಟೀರಾಯ್ಡಿನ ಕಾರಣಕ್ಕೆ ಒಂದು ದಿನವೂ ಕಾಯಬೇಕಿಲ್ಲ. ಉಸಿರು ಚೆನ್ನಾಗಿದೆಯೇ ಎಂದು ನೋಡಿದರೆ ಸಾಕು.

ಇಸುಬು ಮತ್ತು ದೇವಿ

ಅಜ್ಜಿಯ ಸಂದೇಹ ಬೇರೆ. ತಾನು ಚಿಕ್ಕವಳಿದ್ದಾಗ ದೇವಿ ಹಾಕಲು ಬಂದವರು ಮೈಮೇಲೆ ಕಜ್ಜಿ ಇದ್ದ ತನ್ನ ತಮ್ಮನನ್ನು ಬಿಟ್ಟು ಹೋದರೆಂದು ಅವರು ಸೊಸೆಯ ಹತ್ತಿರ ಹೇಳಿ ಕಳಿಸಿದ್ದರು. ಇದನ್ನು ಅಜ್ಜಿಕತೆ ಎಂದು ತಳ್ಳಿಹಾಕುವಂತಿಲ್ಲ. ಸಿಡುಬಿನ ಲಸಿಕೆಯಲ್ಲಿದ್ದ ವ್ಯಾಕ್ಸೀನಿಯಾ ವೈರಸ್ ಎಕ್ಸಿಮಾದ ಚರ್ಮದಲ್ಲಿ ಹರಡಿ ಪ್ರಾಣಕ್ಕೇ ಕುತ್ತು ತರಬಲ್ಲದಾಗಿತ್ತು. ಅಂಥ ಮಕ್ಕಳಿಗೆ ಅದನ್ನು ಹಾಕದಿರುವುದೇ ಸರಿಯಾದ ಕ್ರಮ. 1980ರಲ್ಲಿ ಜಗತ್ತು ಸಿಡುಬುಮುಕ್ತವೆಂದು ಘೋಷಣೆಯಾಯಿತು, ಆ ಲಸಿಕೆ ಮಕ್ಕಳ ಪಟ್ಟಿಯಿಂದ ಹೋಯಿತು, ನಿಷೇಧದ ನೆನಪು ಮಾತ್ರ ಮನೆಮನೆಯಲ್ಲಿ ಉಳಿಯಿತು. ಈಗಿನ ಪಟ್ಟಿಯಲ್ಲಿರುವ ಯಾವ ಲಸಿಕೆಗೂ ಎಕ್ಸಿಮಾ ಅಡ್ಡಿಯಲ್ಲ. ಬೇಕಾದ ಜಾಗ್ರತೆ ಒಂದೇ: ಕೆಂಪಾಗಿ ಒಸರುವ ಅಥವಾ ಕೀವು ಕಟ್ಟಿದ ಚರ್ಮದ ಮೂಲಕ ಸೂಜಿ ಹೋಗಬಾರದು.

ಆದರೆ ಎಕ್ಸಿಮಾ ಇರುವ ಮಗುವಿಗೆ ಮೊದಲ ಜೀವಂತ ಲಸಿಕೆ ಹಾಕುವ ಮೊದಲು ನಾನು ಕೇಳಿಯೇ ಕೇಳುವ ಕೆಲವು ಪ್ರಶ್ನೆಗಳಿವೆ. ಎಕ್ಸಿಮಾದ ವೇಷದಲ್ಲಿ ಬರುವ, ಹುಟ್ಟಿನಿಂದಲೇ ಪ್ರತಿರೋಧ ಇಲ್ಲದಿರುವ ಅಪರೂಪದ ಕಾಯಿಲೆಗಳಿವೆ. ಅವುಗಳಲ್ಲಿ ಎಂಆರ್ ನಿಜಕ್ಕೂ ಅಪಾಯ. ಕಿವಿ ಪದೇ ಪದೇ ಸೋರುತ್ತದೆಯೇ? ಆಸ್ಪತ್ರೆಗೆ ಸೇರಿಸುವಂಥ ನ್ಯುಮೋನಿಯಾ ಎರಡು ಸಲ ಬಂದಿದೆಯೇ? ಬಾಯಲ್ಲಿ ಬಿಳಿ ಅಗ್ರ ಹೋಗುವುದೇ ಇಲ್ಲವೇ? ತೂಕ ನಿಂತುಬಿಟ್ಟಿದೆಯೇ? ಮೈಮೇಲೆ ಸಾಸಿವೆಯಂಥ ರಕ್ತದ ಚುಕ್ಕೆ ಬರುತ್ತವೆಯೇ? ತಾಯಿಯ ಕಡೆ ಗಂಡು ಮಕ್ಕಳು ಎಳವೆಯಲ್ಲೇ ತೀರಿಕೊಂಡಿದ್ದಾರೆಯೇ? ಎಕ್ಸಿಮಾ, ಕಿವಿ ಸೋರುವುದು, ರಕ್ತದ ಚುಕ್ಕೆ ಮೂರೂ ಗಂಡು ಮಗುವಿನಲ್ಲಿ ಒಟ್ಟಿಗೆ ಕಂಡರೆ ವಿಸ್ಕಾಟ್-ಆಲ್ಡ್ರಿಚ್ ಎಂಬ ಕಾಯಿಲೆಯ ಸಂಶಯ ಬರಬೇಕು. ಅದರಲ್ಲಿ ಪ್ಲೇಟ್‌ಲೆಟ್ ಕಡಿಮೆ ಇರುತ್ತವೆ, ಗಾತ್ರವೂ ಚಿಕ್ಕದು. ನಮ್ಮ ಹುಡುಗನಿಗೆ ಇದಾವುದೂ ಇರಲಿಲ್ಲ. ತೂಕ ಸರಿಯಾಗಿಯೇ ಏರುತ್ತಿತ್ತು, ಬಿಸಿಜಿ ಗುರುತು ಸಾಮಾನ್ಯವಾಗಿ ಒಣಗಿತ್ತು. ಜೂನ್‌ನಲ್ಲಿ ಹೇಗೂ ತೆಗೆದ ರಕ್ತದಲ್ಲಿ ಪ್ಲೇಟ್‌ಲೆಟ್ ಚೆನ್ನಾಗಿದ್ದವು. ಇದಕ್ಕೆಂದೇ ಎಲ್ಲ ಮಕ್ಕಳ ರಕ್ತ ತೆಗೆಯಬೇಕಾಗಿಲ್ಲ. ಪ್ರಶ್ನೆಗಳಿಗೆ 'ಇಲ್ಲ' ಎಂಬ ಉತ್ತರ ಬಂದರೆ ಸಾಕು.

ಜುಲೈ: ಕೆಮ್ಮಿನ ನಡುವೆಯೇ ಲಸಿಕೆ

ಜುಲೈ ಮೊದಲ ಗುರುವಾರ ಮಗುವಿಗೆ ಕೆಮ್ಮು ಇತ್ತು. ಸ್ಟೆತಸ್ಕೋಪ್ ಇಟ್ಟರೆ ಉಸಿರು ಬಿಡುವಾಗ ಸಣ್ಣ ಸಿಳ್ಳೆಯೂ ಕೇಳುತ್ತಿತ್ತು. ಉಸಿರಾಟ 34, ಆಮ್ಲಜನಕ 98, ಜ್ವರ ಇಲ್ಲ, ಎದೆ ಎಳೆಯುವುದಿಲ್ಲ, ನನ್ನ ಟಾರ್ಚ್ ಕಿತ್ತುಕೊಳ್ಳಲು ಬಂದ. ಸಾಲ್ಬುಟಮಾಲ್ ಬೇಕಾಗದೆ ವಾರವಾಗಿತ್ತು. ಬಲತೋಳಿನ ಹೊರಬದಿಯಲ್ಲಿ, ಎಂಆರ್ ಹಾಕುವ ಜಾಗದಲ್ಲೇ, ರೂಪಾಯಿಯಗಲದ ಎಕ್ಸಿಮಾ ಕೆಂಪಾಗಿತ್ತು.

ಮನೆಯವರೂ, ಲಸಿಕೆ ಹಾಕುವ ಸಿಸ್ಟರೂ ನನ್ನ ಮುಖ ನೋಡಿದರು. ಇಂದೇ ಹಾಕುವುದು ಎಂದೆ. ಎದೆಯಲ್ಲಿ ಸಿಳ್ಳೆ ಕೇಳುವುದೇ ಕಾರಣವಾದರೆ ಈ ಮಗುವಿಗೆ ದೀಪಾವಳಿ ತನಕ ಲಸಿಕೆ ಇಲ್ಲ. ನೋಡಬೇಕಾದ್ದು ಉಸಿರಿನ ವೇಗ, ಎದೆಯ ಎಳೆತ, ಹಾಲು ಕುಡಿಯುವುದು, ಆಟ, ಸಾಲ್ಬುಟಮಾಲ್ ಎಷ್ಟು ಸಲ ಬೇಕಾಗುತ್ತಿದೆ ಎಂಬುದು. ನಾಲ್ಕು ಗಂಟೆಗಿಂತ ಮೊದಲೇ ಪುನಃ ಪುನಃ ಸಾಲ್ಬುಟಮಾಲ್ ಕೊಡಬೇಕಾಗುತ್ತಿದ್ದರೆ ನಾನು ಕಳಿಸುತ್ತಿದ್ದೆ. ಎಂಆರ್ ಅನ್ನು ಎಡತೋಳಿನ ಚೊಕ್ಕ ಚರ್ಮಕ್ಕೆ ಹಾಕಿಸಿ, ಜಾಗ ಬದಲಾಗಿದೆ ಎಂದು ಕಾರ್ಡಿನಲ್ಲಿ ಬರೆಸಿದೆ. ಅಂದೇ ಪೋಲಿಯೊ ಚುಚ್ಚುಮದ್ದೂ ಆಯಿತು, ನ್ಯುಮೋಕಾಕಲ್ ಬೂಸ್ಟರ್ ತೊಡೆಗೆ. ಡಿಪಿಟಿಯನ್ನೂ ಅಂದೇ ಹಾಕಲು ಅಡ್ಡಿ ಇರಲಿಲ್ಲ. ಒಂದೇ ದಿನ ಅಷ್ಟು ಚುಚ್ಚುವುದು ಬೇಡ ಎಂದು ಅಮ್ಮ ಕೇಳಿಕೊಂಡರು. ಡಿಪಿಟಿ ಬೂಸ್ಟರಿಗೆ 24 ತಿಂಗಳ ತನಕ ಸಮಯ ಇದ್ದುದರಿಂದ ಒಪ್ಪಿದೆ. ಎಂಆರ್ ಎರಡನೇ ಡೋಸಿಗೆ ಕನಿಷ್ಠ ನಾಲ್ಕು ವಾರದ ಅಂತರ ಬೇಕು. ಎರಡೂ ಆಗಸ್ಟ್ ಮೊದಲ ಗುರುವಾರಕ್ಕೆ ಎಂದು ನಿಶ್ಚಯವಾಯಿತು.

ಹೊರಡುವಾಗ ಎರಡು ವಿಷಯ ಹೇಳಿದೆ. ಪಂಪು ಇಂದು ಸಂಜೆಯೂ ಎಂದಿನಂತೆ. ಮತ್ತೆ, ಏಳರಿಂದ ಹನ್ನೆರಡನೇ ದಿನದ ನಡುವೆ ಒಂದೆರಡು ದಿನ ಜ್ವರ ಬರಬಹುದು, ಎದೆ-ಹೊಟ್ಟೆಯ ಮೇಲೆ ನವಿರಾದ ಕೆಂಪು ಗುಳ್ಳೆ ಏಳಬಹುದು. ಅದು ಎಂಆರ್ ಕೆಲಸ ಮಾಡುತ್ತಿರುವ ಗುರುತು. ಜ್ವರಕ್ಕೆ ಪ್ಯಾರಾಸಿಟಮಾಲ್ 150 ಮಿಲಿಗ್ರಾಂ, 5 ಮಿಲಿಯಲ್ಲಿ 125 ಮಿಲಿಗ್ರಾಂ ಇರುವ ಸಿರಪ್ಪಾದರೆ 6 ಮಿಲಿ.

ಅಜ್ಜಿ ಅಂದು ಬಂದಿರಲಿಲ್ಲ.

ನಾಲ್ಕು ಬಾಟಲಿ ಹನಿ

ಆಗಸ್ಟ್‌ನಲ್ಲಿ ಬಂದ ಹುಡುಗನ ಕೆನ್ನೆ ಉಬ್ಬಿತ್ತು. ಎಕ್ಸಿಮಾ ಎಲ್ಲೂ ಇಲ್ಲ, ಮೊಣಕೈ ನುಣುಪು. ಒಂದು ತಿಂಗಳಲ್ಲಿ ಇಷ್ಟು ಚೆನ್ನಾಗಿ ಒಣಗಿದ ಚರ್ಮ ಕಂಡರೆ ನನಗೆ ಸಂತೋಷಕ್ಕಿಂತ ಮೊದಲು ಅನುಮಾನ. ಮುಲಾಮಿನಿಂದ ಇಷ್ಟು ಬೇಗ, ಇಷ್ಟು ಪೂರ್ತಿ ಒಣಗುವುದು ಅಪರೂಪ. "ಮನೆಯಲ್ಲಿ ಬೇರೆ ಎಂತಾದ್ರೂ ಕೊಡ್ತಾ ಇದ್ದೀರಾ?" ಎಂದು ಕೇಳಿದೆ. ಅಮ್ಮನಿಗೆ ಗೊತ್ತಿರಲಿಲ್ಲ. ಈ ಸಲ ಬಂದಿದ್ದ ಅಜ್ಜಿ ಚೀಲದಿಂದ ಬಾಟಲಿ ತೆಗೆದರು.

ನಡೆದದ್ದು ಹೀಗೆ. ಲಸಿಕೆಯಾದ ಒಂಬತ್ತನೇ ದಿನ ಸಣ್ಣ ಜ್ವರ ಬಂದು ಮೈಮೇಲೆ ಗುಳ್ಳೆ ಎದ್ದವು. ಅಜ್ಜಿಗೆ ತಾನು ಹೆದರಿದ್ದೇ ಆಯಿತು ಅನ್ನಿಸಿತು: ಸೂಜಿ ಇಸುಬನ್ನು ಕೆರಳಿಸಿತು. ಮಗು ಬೆವರಿ ತುರಿಸಿಕೊಂಡದ್ದೂ ನಿಜ, ಜ್ವರ ಯಾವುದಾದರೂ ಎಕ್ಸಿಮಾದ ತುರಿಕೆ ಹೆಚ್ಚುತ್ತದೆ. ನೆರೆಮನೆಯವರು ತಮ್ಮ ಮಗುವಿಗೆ ಬಳಸಿದ್ದ ಹನಿಯ ಹೆಸರು ಕೊಟ್ಟರು, ಮೆಡಿಕಲ್ ಅಂಗಡಿಯಲ್ಲಿ ಚೀಟಿ ಇಲ್ಲದೆ ಸಿಕ್ಕಿತು. ಬೆಟಾಮೆಥಸೋನ್ ಎಂಬ ಸ್ಟೀರಾಯ್ಡ್, ಒಂದು ಮಿಲಿಯಲ್ಲಿ 0.5 ಮಿಲಿಗ್ರಾಂ. ಕೊಟ್ಟ ಮೂರನೇ ದಿನಕ್ಕೆ ಚರ್ಮ ಹೂವಿನ ಹಾಗಾಯಿತು, ಎದೆಯೂ ಹಗುರ. ಯಾರಿಗಾದರೂ ನಿಲ್ಲಿಸಲು ಮನಸ್ಸಾದೀತೇ?

ಲಸಿಕೆಯ ಗುಳ್ಳೆಯನ್ನೂ ಎಕ್ಸಿಮಾವನ್ನೂ ಬೇರೆ ಮಾಡಿ ನೋಡುವುದು ಕಷ್ಟವಲ್ಲ. ಲಸಿಕೆಯದ್ದು ನವಿರು, ಮೈಯ ನಡುಭಾಗದಲ್ಲಿ, ತುರಿಕೆ ಇಲ್ಲ ಅಥವಾ ಅಲ್ಪ, ಒಂದೆರಡು ದಿನಕ್ಕೆ ತಾನಾಗಿ ಇಳಿಯುತ್ತದೆ. ಎಕ್ಸಿಮಾ ಹಳೆಯ ಜಾಗಗಳಿಗೇ ಬರುತ್ತದೆ, ಮಡಿಕೆಗಳಲ್ಲಿ, ಒರಟಾಗಿ, ರಾತ್ರಿ ನಿದ್ದೆ ಕೆಡಿಸುವ ತುರಿಕೆಯೊಂದಿಗೆ. ಆದರೆ ಒಬ್ಬರೇ ಮನೆಯಲ್ಲಿ ಮಗುವನ್ನು ಹಿಡಿದುಕೊಂಡಿರುವಾಗ ಅಷ್ಟು ಸಮಾಧಾನದಿಂದ ನೋಡಲು ಆಗುವುದಿಲ್ಲ.

ಈಗ ಅದೇ ಲೆಕ್ಕ ಪುನಃ. ಎಷ್ಟು ಕೊಟ್ಟಿರಿ ಎಂದರೆ "ಒಂದು ಫಿಲ್ಲರ್, ದಿನಕ್ಕೆ ಮೂರು ಸಲ, ಹೆಚ್ಚು ತುರಿಸಿದ್ರೆ ರಾತ್ರಿ ಮತ್ತೊಂದು" ಎಂದರು. ಇಂಥಲ್ಲಿ ನೆನಪಿಗಿಂತ ಬಾಟಲಿ ನಂಬಿಕೆಯ ಸಾಕ್ಷಿ. 15 ಮಿಲಿಯ ಮೂರು ಬಾಟಲಿ ಖಾಲಿ, ನಾಲ್ಕನೆಯದರಲ್ಲಿ ಸ್ವಲ್ಪ ಹೋಗಿದೆ. 16 ದಿನದಲ್ಲಿ ಸುಮಾರು 48 ಮಿಲಿ, ಅಂದರೆ ಸರಾಸರಿ ದಿನಕ್ಕೆ 3 ಮಿಲಿ, ಬೆಟಾಮೆಥಸೋನ್ 1.5 ಮಿಲಿಗ್ರಾಂ. 0.6 ಮಿಲಿಗ್ರಾಂ ಬೆಟಾಮೆಥಸೋನ್ ಸರಿಸುಮಾರು 5 ಮಿಲಿಗ್ರಾಂ ಪ್ರೆಡ್ನಿಸೊಲೋನಿಗೆ ಸಮ. ಹಾಗಾಗಿ ದಿನಕ್ಕೆ ಸುಮಾರು 12.5 ಮಿಲಿಗ್ರಾಂ. ಕಿಲೊಗೆ 1.2. ದಿನಗಳು ಗೆರೆ ದಾಟಿವೆ, ಡೋಸ್ ದಾಟಿಲ್ಲ.

ನಿಯಮದ ಅಕ್ಷರ ಹಿಡಿದರೆ ಅಂದು ಎಂಆರ್ ಹಾಕಬಹುದಿತ್ತು. ನಾನು ಹಾಕಲಿಲ್ಲ. ಫಿಲ್ಲರಿನಲ್ಲಿ ಅಳೆದದ್ದು, ಕೆಲವು ರಾತ್ರಿ ಹೆಚ್ಚುವರಿ ಕೊಟ್ಟದ್ದು, ಕೆನ್ನೆ ಉಬ್ಬಿದ್ದು, ಇದೆಲ್ಲ ಸೇರಿ ಆ ಸರಾಸರಿಯ ಮೇಲೆ ನನಗೆ ಪೂರ್ತಿ ಭರವಸೆ ಇರಲಿಲ್ಲ. ಇನ್ನೊಂದು ಕಡೆ, ಕಾಯುವುದರ ನಷ್ಟ ಈಗ ಕಡಿಮೆ. ವರ್ಷ ದಾಟಿದ ಮೇಲೆ ಹಾಕಿದ ಒಂದು ಡೋಸ್ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಮಕ್ಕಳಿಗೆ ದಡಾರದಿಂದ ರಕ್ಷಣೆ ಕೊಡುತ್ತದೆ. ಎರಡನೆಯದು ಉಳಿದವರಿಗಾಗಿ. ಒಂದು ಡೋಸೂ ಆಗದ ಮಗುವನ್ನು ಕಾಯಿಸುವುದಕ್ಕೂ, ಒಂದು ಆದವನನ್ನು ಆರು ವಾರ ಕಾಯಿಸುವುದಕ್ಕೂ ಬಹಳ ವ್ಯತ್ಯಾಸ. ಊರಿನಲ್ಲಿ ದಡಾರ ಓಡಾಡುತ್ತಿದ್ದರೆ ನಾನು ಬೇರೆ ನಿರ್ಧಾರ ಮಾಡುತ್ತಿದ್ದೆ. ಡಿಪಿಟಿ ಬೂಸ್ಟರ್ ಮಾತ್ರ ಅಂದೇ ಹಾಕಿಸಿದೆ, ಅದಕ್ಕೆ ಈ ಯಾವ ಲೆಕ್ಕವೂ ಇಲ್ಲ. ಬಾಯಿಗೆ ಹಾಕುವ ಪೋಲಿಯೊ ಬೂಸ್ಟರನ್ನು ಎಂಆರ್ ಜೊತೆಗೆ ಮುಂದಕ್ಕೆ ಹಾಕಿದೆ.

ಲಸಿಕೆಗಿಂತ ಅವಸರದ ಕೆಲಸ ಇನ್ನೊಂದಿತ್ತು. ಎರಡು ವಾರ ಮೀರಿ ಇಷ್ಟು ಸ್ಟೀರಾಯ್ಡ್ ಹೋದರೆ ಮೂತ್ರಪಿಂಡದ ಮೇಲಿನ ಅಡ್ರಿನಲ್ ಗ್ರಂಥಿ ತನ್ನ ಕೆಲಸ ನಿಲ್ಲಿಸಿರಬಹುದು. ಬಾಟಲಿಯನ್ನು ಹೆದರಿ ಕಸಕ್ಕೆ ಎಸೆದರೆ, ಒಂದು ವಾಂತಿ-ಭೇದಿಗೂ ಮಗು ಕುಸಿದೀತು. ಹಾಗಾಗಿ ಬೆಳಗ್ಗೆ ಒಂದೇ ಸಲ ಕೊಡುವ ಪ್ರೆಡ್ನಿಸೊಲೋನಿಗೆ ಬದಲಿಸಿ, ಎರಡು ವಾರದಲ್ಲಿ ಹಂತಹಂತವಾಗಿ ಇಳಿಸಿದೆವು. ಆ ದಿನಗಳಲ್ಲಿ ಜ್ವರ, ವಾಂತಿ ಅಥವಾ ಅತಿಯಾದ ಮಂಪರು ಕಂಡರೆ ಕೂಡಲೇ ತರಬೇಕು, ಬೇರೆ ಆಸ್ಪತ್ರೆಗೆ ಹೋದರೂ 'ಸ್ಟೀರಾಯ್ಡ್ ಇಳಿಸುತ್ತಿದ್ದಾರೆ' ಎಂದು ಮೊದಲು ಹೇಳಬೇಕು ಎಂದು ಕಾರ್ಡಿನ ಮೇಲೆ ಕೆಂಪು ಶಾಯಿಯಲ್ಲಿ ಬರೆದುಕೊಟ್ಟೆ. ಹನಿ ನಿಲ್ಲುತ್ತಿದ್ದಂತೆ ಎಕ್ಸಿಮಾ ಇಮ್ಮಡಿಯಾಗಿ ಮರಳುತ್ತದೆ, ಆಗ ಪುನಃ ಹನಿಯ ಆಸೆಯಾಗುತ್ತದೆ ಎಂದೂ ಅಜ್ಜಿಗೇ ನೇರವಾಗಿ ಹೇಳಿದೆ. ಹಾಗೇ ಆಯಿತು. ಸ್ನಾನವಾದ ಕೂಡಲೇ ಒದ್ದೆ ಮೈಗೆ ದಪ್ಪ ಮುಲಾಮು, ಕೆಂಪು ಜಾಗಕ್ಕೆ ಮಾತ್ರ ಸ್ಟೀರಾಯ್ಡ್ ಮುಲಾಮು, ಅದರಲ್ಲೇ ಹಿಡಿತಕ್ಕೆ ಬಂತು.

"ಹಾಗಾದ್ರೆ ಪಂಪಿನಲ್ಲಿರೂದು ಸಹ ಇದೇ ಅಲ್ವಾ, ಡಾಕ್ಟ್ರೆ?" ಎಂದು ಅಜ್ಜಿ ಕೇಳಿದರು. ಬಾಟಲಿಯ 1.5 ಮಿಲಿಗ್ರಾಂನಲ್ಲಿ ಬಹುಪಾಲು ರಕ್ತಕ್ಕೆ ಸೇರುತ್ತದೆ, ಪಂಪಿನ 0.2ರಲ್ಲಿ ಬಹುಪಾಲು ಸೇರುವುದೇ ಇಲ್ಲ ಎಂದು ಅದೇ ಕಾಗದ ತೋರಿಸಿದೆ. ಮನೆಯವರು ಹೆದರಿ ನಿಲ್ಲಿಸಿದ್ದು ಪಂಪನ್ನು, ಹೆದರದೆ ಕೊಟ್ಟದ್ದು ಹನಿಯನ್ನು. ಅಂಗಡಿಯಲ್ಲಿ ಹಣ್ಣಿನ ಚಿತ್ರವಿರುವ ಸಿಹಿ ಹನಿಯನ್ನು ಯಾರೂ ಸ್ಟೀರಾಯ್ಡ್ ಎನ್ನುವುದಿಲ್ಲ. ಎಕ್ಸಿಮಾಕ್ಕೆಂದು ಕೊಡುವ ಹೆಸರಿಲ್ಲದ ಪುಡಿಗಳ ಬಗ್ಗೆಯೂ ನನಗೆ ಇದೇ ಸಂಶಯ. ಈಚೆಗೆ ಲಸಿಕೆಗೆ ಮುಂಚೆ 'ಸ್ಟೀರಾಯ್ಡ್ ಕೊಡ್ತಾ ಇದ್ದೀರಾ' ಎಂದು ನಾನು ಕೇಳುವುದಿಲ್ಲ. 'ಬಾಯಿಗೆ ಹಾಕುವ ಎಲ್ಲ ಬಾಟಲಿ, ಪೊಟ್ಟಣ ತನ್ನಿ' ಎನ್ನುತ್ತೇನೆ.

ಎಂಆರ್ ಎರಡನೇ ಡೋಸ್ ಮತ್ತು ಪೋಲಿಯೊ ಹನಿ, ಕೊನೆಯ ಪ್ರೆಡ್ನಿಸೊಲೋನಿನಿಂದ ನಾಲ್ಕು ವಾರ ಕಳೆದು ಸೆಪ್ಟೆಂಬರ್ ಮಧ್ಯದಲ್ಲಿ ಆದವು. ಅಂದೂ ಮೂಗು ಸುರಿಯುತ್ತಿತ್ತು. ಪಂಪು ಅಂದು ಬೆಳಗ್ಗೆಯೂ ಕೊಟ್ಟಿದ್ದರು. ಒಂಬತ್ತನೇ ದಿನಕ್ಕೆ ಏನೂ ಬರಲಿಲ್ಲ. ಎರಡನೇ ಡೋಸಿಗೆ ಗುಳ್ಳೆ ಬರುವುದು ಕಡಿಮೆ.

ಮುಂದಿನ ಮಳೆಗೆ ಮೊದಲು ಫ್ಲೂ ಲಸಿಕೆ ಹಾಕಿಸಬೇಕೆಂದು ಅಪ್ಪ ಕೇಳಿದ್ದಾರೆ. ಅಸ್ತಮಾದ ಮಗುವಿಗೆ ಅದು ಬೇಕಾದದ್ದೇ, ಮೊದಲ ವರ್ಷ ನಾಲ್ಕು ವಾರದ ಅಂತರದಲ್ಲಿ ಎರಡು ಡೋಸ್. ಏಪ್ರಿಲ್‌ನಲ್ಲಿ ಶುರು ಮಾಡಿದರೆ ಮೇಯಲ್ಲಿ ಮುಗಿಯುತ್ತದೆ. ಸೂಜಿ ಬೇಡ, ಮೂಗಿಗೆ ಸಿಂಪಡಿಸುವುದು ಇದೆಯಂತಲ್ಲ ಎಂದದ್ದಕ್ಕೆ ಮಾತ್ರ ಬೇಡ ಎಂದೆ. ಅದು ಜೀವಂತ ವೈರಸ್, ನೇರವಾಗಿ ಶ್ವಾಸನಾಳದ ಬಾಗಿಲಿಗೇ ಬೀಳುತ್ತದೆ. ಎರಡು ವರ್ಷದ ಒಳಗಿನ ಮಕ್ಕಳಿಗೆ ಅದನ್ನು ಕೊಡುವುದಿಲ್ಲ, ಎರಡರಿಂದ ನಾಲ್ಕು ವರ್ಷದವರಲ್ಲಿ ಕಳೆದ ಹನ್ನೆರಡು ತಿಂಗಳಲ್ಲಿ ಒಮ್ಮೆ ಸಿಳ್ಳೆ ಕೇಳಿಸಿದ್ದರೂ ಕೊಡುವುದಿಲ್ಲ. ಅಲ್ಲಿ ಅಡ್ಡಿ ಬರುವುದು ಅಸ್ತಮಾವೇ, ಪಂಪಲ್ಲ. ಇವನಿಗೆ ತೊಡೆಗೆ ಚುಚ್ಚುವುದನ್ನೇ ಬರೆದುಕೊಟ್ಟಿದ್ದೇನೆ.